ವ್ಯಂಜನಗಳ ಪ್ಲಸ್–ಮೈನಸ್ ಕೋಷ್ಟಕ ಹಾಕುವುದು ಹೇಗೆ?

ಮಳೆ+ಕಾಲ ಮಳೆಗಾಲವಾಗುತ್ತದೆ, ಬೆಟ್ಟ+ತಾವರೆ ಬೆಟ್ಟದಾವರೆ, ಕಣ್+ಪನಿ ಕಂಬನಿ. ಶಾಲೆಯಲ್ಲಿ ಇದನ್ನು ಆದೇಶ ಸಂಧಿ ಎಂದು ಕಲಿತಿದ್ದೇವೆ: ಕ, ತ, ಪಗಳ ಜಾಗದಲ್ಲಿ ಗ, ದ, ಬ. ಈ ಮೂರು ಜೋಡಿಗಳ ಹಿಂದೆ ಇರುವುದು ಒಂದೇ ಬದಲಾವಣೆ. ಅದನ್ನು ಕಣ್ಣಿಗೆ ಕಾಣಿಸುವುದೇ ವ್ಯಾವರ್ತಕ ಲಕ್ಷಣಗಳ, ಅಂದರೆ ಒಂದು ಧ್ವನಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುಣಗಳ ಕೋಷ್ಟಕ.

ಮೊದಲು ಪ, ಬ, ಮ, ಸ, ವ ಎಂಬ ಐದು ಧ್ವನಿಗಳನ್ನು ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ, ಉತ್ತರ ಹೌದು (+) ಅಥವಾ ಇಲ್ಲ (−) ಮಾತ್ರ.

ಘೋಷ: ಗಂಟಲ ಮೇಲೆ ಬೆರಳಿಟ್ಟು ನೋಡಿ, ಕಂಪನ ಇದೆಯೇ? ‘ಪ’ ಎಂದು ಹೇಳಿ ನೋಡಿದರೆ ಅದರೊಳಗಿನ ‘ಅ’ಕಾರವೇ ಕಂಪಿಸಿ ದಾರಿ ತಪ್ಪಿಸುತ್ತದೆ. ಸ್ವರ ಬಿಟ್ಟು ‘ಸ್ಸ್ಸ್’ ಎಂದು ಎಳೆಯಿರಿ, ಆಮೇಲೆ ‘ಮ್ಮ್ಮ್’ ಎನ್ನಿ. ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಅನುನಾಸಿಕ: ಗಾಳಿ ಮೂಗಿನಿಂದ ಹೊರಡುತ್ತದೆಯೇ? ‘ಮ್ಮ್ಮ್’ ಎನ್ನುತ್ತಾ ಮೂಗು ಹಿಡಿದರೆ ಧ್ವನಿ ಅಲ್ಲೇ ನಿಲ್ಲುತ್ತದೆ.

ನಿರಂತರ: ಬಾಯಿಯ ನಡುವಿನಿಂದ ಗಾಳಿ ತಡೆಯಿಲ್ಲದೆ ಹರಿಯುತ್ತಲೇ ಇರುತ್ತದೆಯೇ? ಹೆಚ್ಚಿನವರು ಎಡವುವುದು ಇಲ್ಲಿ. ಮಕಾರವನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದಲ್ಲ ಎಂದು + ಹಾಕಿಬಿಡುತ್ತಾರೆ. ಆದರೆ ಆಗ ತುಟಿಗಳು ಪೂರ್ತಿ ಮುಚ್ಚಿರುತ್ತವೆ. ಪ್ರಶ್ನೆ ಬಾಯಿಯದು, ಮೂಗಿನದಲ್ಲ, ಹಾಗಾಗಿ −.

| ಧ್ವನಿ | ಘೋಷ | ಅನುನಾಸಿಕ | ನಿರಂತರ |
|---|---|---|---|
| ಪ | − | − | − |
| ಬ | + | − | − |
| ಮ | + | + | − |
| ಸ | − | − | + |
| ವ | + | − | + |

ಯಾವ ಎರಡು ಸಾಲುಗಳೂ ಒಂದೇ ಆಗಿರಬಾರದು. ಕೋಷ್ಟಕ ಸರಿಯಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ. ಈಗ ತ, ಕಗಳನ್ನು ಸೇರಿಸಿ: ಎರಡೂ ಪಕಾರದ ಸಾಲನ್ನೇ ಪಡೆಯುತ್ತವೆ. ಹೀಗೆ ಸಾಲುಗಳು ಡಿಕ್ಕಿ ಹೊಡೆದರೆ ಹೊಸ ಲಕ್ಷಣ ಬೇಕು ಎಂದರ್ಥ. ‘ಓಷ್ಠ್ಯ’ (ತುಟಿಯದು), ‘ಜಿಹ್ವಾಗ್ರ’ (ನಾಲಿಗೆಯ ತುದಿಯದು) ಎಂಬ ಎರಡು ಕಂಬಸಾಲು ಹಾಕಿ. ಪಕಾರಕ್ಕೆ + −, ತಕಾರಕ್ಕೆ − +, ಕಕಾರಕ್ಕೆ − −. ಗ, ದಗಳನ್ನೂ ಹೀಗೆಯೇ ತುಂಬಿ. ಮಹಾಪ್ರಾಣಗಳಿಗೆ ಇದೂ ಸಾಲದು, ಇನ್ನೊಂದು ಲಕ್ಷಣ ಬೇಕು. ಲಕಾರದಲ್ಲಂತೂ ನಾಲಿಗೆ ನಡುವೆ ತಡೆದು ಪಕ್ಕದಿಂದ ಗಾಳಿ ಬಿಡುತ್ತದೆ. ಅದು ನಿರಂತರವೋ ಅಲ್ಲವೋ ಎಂಬುದರಲ್ಲಿ ಭಾಷಾವಿಜ್ಞಾನಿಗಳಿಗೇ ಒಮ್ಮತವಿಲ್ಲ.

ಈಗ ಸಂಧಿಗೆ ಬನ್ನಿ. ಕ–ಗ, ತ–ದ, ಪ–ಬ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟರೆ ಬದಲಾಗಿರುವುದು ಘೋಷದ ಮನೆ ಮಾತ್ರ. ಉಳಿದ ಚಿಹ್ನೆಗಳೆಲ್ಲ ಹಾಗೆಯೇ ಇವೆ. ಮೂರು ನಿಯಮಗಳ ಬದಲು ಒಂದು ಸಾಕು: ನಮ್ಮ ಕೋಷ್ಟಕದಲ್ಲಿ [−ಘೋಷ, −ನಿರಂತರ] ಆಗಿರುವ ಧ್ವನಿ [+ಘೋಷ] ಆಗುತ್ತದೆ. ‘−ನಿರಂತರ’ ಎಂದು ಸೇರಿಸಿದ್ದು ಸಕಾರವನ್ನು ಹೊರಗಿಡಲು. ಅದೂ ಅಘೋಷವೇ, ಆದರೆ ಅದರ ದಾರಿ ಬೇರೆ: ಇನ್+ಸರ ‘ಇಂಚರ’ವಾದಾಗ ಘೋಷ − ಆಗಿಯೇ ಉಳಿದು, ನಿರಂತರದ + ಚಿಹ್ನೆ − ಆಗುತ್ತದೆ, ಜೊತೆಗೆ ನಾಲಿಗೆಯ ಜಾಗವೂ ಸರಿಯುತ್ತದೆ. ನಿಯಮ ಎಲ್ಲ ಸಮಾಸಗಳಲ್ಲೂ ಕಡ್ಡಾಯವಲ್ಲ. ಮನೆಗೆಲಸ, ಮನೆಕೆಲಸ ಎರಡೂ ಬಳಕೆಯಲ್ಲಿವೆ. ಯಾವ ಚಿಹ್ನೆ ಬದಲಾಗುತ್ತದೆ ಎಂಬುದನ್ನು ಕೋಷ್ಟಕ ತೋರಿಸುತ್ತದೆ. ಯಾವ ಪದದಲ್ಲಿ ಎಂಬುದನ್ನು ಬಳಕೆಯಿಂದಲೇ ತಿಳಿಯಬೇಕು.