ಸೇಲ್ ಹಿಂದಿನ ರಾತ್ರಿ: 48 ಬಾಕ್ಸ್ ಇರ್ಬೇಕಾದ ಕಡೆ ಒಬ್ರಿಗೆ 46, ಇನ್ನೊಬ್ರಿಗೆ 38

ವೇರ್‌ಹೌಸಲ್ಲಿ ನೈಟ್ ಶಿಫ್ಟ್ ಸೂಪರ್‌ವೈಸರ್ ಆಗಿರೋರಿಗೆ ಹಬ್ಬದ ಸೇಲ್ ಹಿಂದಿನ ರಾತ್ರಿ ಸ್ಟಾಕ್ ತಾಳೆ ಆಗ್ಲಿಲ್ಲ ಅಂದ್ರೆ ಏನಾಗುತ್ತೆ ಅಂತ ಹೇಳೋದೇ ಬೇಡ. ನಾನು ಒಂದು ಐಟಂ ಹೇಗೆ ಬಿಡಿಸಿದೆ ಅಂತ ಪೂರ್ತಿ ಬರೀತೀನಿ, ಯಾಕಂದ್ರೆ ಇದರಲ್ಲಿ ಒಂದೇ ವ್ಯತ್ಯಾಸದ ಹಿಂದೆ ಎರಡು ಬೇರೆ ಬೇರೆ ಕಾರಣ ಇತ್ತು.

ಐಟಂ ಕಪ್ಪು ಬಣ್ಣದ ಬ್ಲೂಟೂತ್ ಸ್ಪೀಕರ್. ಒಂದು ಬಾಕ್ಸಲ್ಲಿ 24 ಪೀಸ್. ಸಿಸ್ಟಮ್ ಪ್ರಕಾರ ಆ ಲೊಕೇಶನಲ್ಲಿ 1,152 ಪೀಸ್, ಅಂದ್ರೆ 48 ಬಾಕ್ಸ್, ಎರಡು ಫುಲ್ ಪ್ಯಾಲೆಟ್. ಬೆಳಿಗ್ಗೆ 6ಕ್ಕೆ ಸೇಲ್ ಓಪನ್, ಇದರಲ್ಲಿ 1,100 ಪೀಸ್ ಮಾರಾಟಕ್ಕೆ ಅಂತ ಆಗ್ಲೇ ಹಾಕಿಬಿಟ್ಟಿದ್ರು. ಸೇಲಲ್ಲಿ ಜಾಸ್ತಿ ಓಡೋ ಐಟಂಗಳನ್ನ ಹಿಂದಿನ ರಾತ್ರಿ ಎಣಿಸೋದು ನಮ್ಮಲ್ಲಿ ರೂಢಿ, ಹಾಗೆ ಎಣಿಸೋಕೆ ಹೋದ ಹುಡುಗ ಬಂದು "ಸರ್, 46 ಬಾಕ್ಸ್ ಇದೆ" ಅಂದ. ಎರಡು ಬಾಕ್ಸ್ ಕಮ್ಮಿ, 48 ಪೀಸ್.

ಇಲ್ಲಿ ತುಂಬಾ ಜನ ಮಾಡೋದು ಏನಂದ್ರೆ, ಟೈಮ್ ಇಲ್ಲ ಅಂತ 48 ಮೈನಸ್ ಹಾಕಿ ಮುಂದೆ ಹೋಗ್ತಾರೆ. ನಾನು ಹಾಕಲ್ಲ. ಮೊದಲು ಆ ಲೊಕೇಶನ್ ಲಾಕ್ ಮಾಡ್ತೀನಿ, ಹೊಸ ಪಿಕ್ ಬೀಳದ ಹಾಗೆ, ಆಗ್ಲೇ ಬಿದ್ದಿರೋ ಪಿಕ್ ಇದ್ರೆ ಅದು ಮುಗಿಯೋವರೆಗೂ ಕಾಯ್ತೀನಿ, ಯಾಕಂದ್ರೆ ಒಂದು ಕಡೆ ಮಾಲು ತೆಗೀತಾ ಇನ್ನೊಂದು ಕಡೆ ಎಣಿಸಿದ್ರೆ ಇಲ್ಲದ ವ್ಯತ್ಯಾಸವೂ ಹುಟ್ಕೊಳ್ಳುತ್ತೆ. ಆಮೇಲೆ ಬೇರೆ ಒಬ್ರ ಕೈಲಿ ಎಣಿಸ್ತೀನಿ, ಅವರಿಗೆ ಸಿಸ್ಟಮ್ ನಂಬರೂ ಹೇಳಲ್ಲ, ಮೊದಲನೆಯವನು ಎಷ್ಟು ಅಂದ ಅನ್ನೋದೂ ಹೇಳಲ್ಲ. ನಂಬರ್ ಗೊತ್ತಿದ್ರೆ ಕಣ್ಣು ಆ ನಂಬರನ್ನೇ ಹುಡುಕುತ್ತೆ.

ಎರಡನೇ ಸಲ ಹೋದೋರು ನಮ್ಮ ಹಳೇ ರಿಸೀವಿಂಗ್ ಅಣ್ಣ. ಅವರು ಬಂದು 38 ಅಂದ್ರು!

ಇಬ್ರೂ ನಂಬಿಕಸ್ಥರು. ಒಬ್ರಿಗೆ 46, ಇನ್ನೊಬ್ರಿಗೆ 38. ಮೂರನೆಯವರನ್ನ ಕಳಿಸಿ ಬಹುಮತದ ಮೇಲೆ ತೀರ್ಮಾನ ಮಾಡೋ ವಿಷಯ ಅಲ್ಲ ಇದು, ಹೇಗೆ ಎಣಿಸಿದ್ರಿ ಅಂತ ಕೇಳ್ಬೇಕು. ಹುಡುಗ ಒಂದು ಲೇಯರಿಗೆ ಆರು, ನಾಲ್ಕು ಲೇಯರ್, ಒಂದು ಪ್ಯಾಲೆಟ್ 24, ಬಿಚ್ಚಿರೋ ಪ್ಯಾಲೆಟಲ್ಲಿ 22 ಅಂತ ಲೆಕ್ಕ ಹಾಕಿದ್ದ. ಅಣ್ಣ ರ‍್ಯಾಪ್ ಕತ್ತರಿಸಿ ಒಂದೊಂದು ಬಾಕ್ಸ್ ಲೇಬಲ್ ಸ್ಕ್ಯಾನ್ ಮಾಡಿದ್ರು, "ಸರ್, ಎಂಟು ಬಾಕ್ಸ್ ಸ್ಕ್ಯಾನ್ ಆಗ್ತಾನೇ ಇಲ್ಲ, ಬೇರೆ ಐಟಂ ಅಂತಿದೆ" ಅಂದ್ರು. ಅಂದ್ರೆ ಬಾಕ್ಸ್ 46 ಇರೋದೂ ನಿಜ, ಕಪ್ಪು 38 ಇರೋದೂ ನಿಜ.

ಮೂರೂ ಜನ ಹೋಗಿ ನೋಡಿದ್ವಿ. ಒಂದು ಪ್ಯಾಲೆಟಲ್ಲಿ ಮೇಲಿನ ಎರಡು ಲೇಯರ್ ಪೂರ್ತಿ ಕಪ್ಪು. ಮೂರನೇ ಲೇಯರ್ ಆರೂ ಬಾಕ್ಸ್, ತಳದಲ್ಲಿ ಎರಡು, ನೀಲಿ ಬಣ್ಣದ ಸ್ಪೀಕರ್. ಹೊರಗಿನ ರಟ್ಟು ಒಂದೇ ಥರ, ಒಂದೇ ಸೈಜ್, ಒಂದೇ ಪ್ರಿಂಟ್. ಬಣ್ಣ ಗೊತ್ತಾಗೋದು ಒಂದೇ ಒಂದು ಬದೀಲಿ ಅಂಟಿಸಿರೋ ಲೇಬಲ್ಲಿನ ಕೆಳಗಿನ ಸಾಲಲ್ಲಿ, ಉಗುರಷ್ಟು ಅಕ್ಷರದಲ್ಲಿ, ಅದೂ ಆ ಎಂಟರಲ್ಲಿ ಸುಮಾರು ಬಾಕ್ಸಿನ ಲೇಬಲ್ ಒಳಮುಖವಾಗಿತ್ತು. ಹೊರಗೆ ನಿಂತು ಎಣಿಸಿದ್ರೆ ಯಾರಿಗೂ ಕಾಣಲ್ಲ.

ಆ ಪ್ಯಾಲೆಟ್ ಮೇಲೆ ರಿಸೀವಿಂಗ್ ಸ್ಲಿಪ್ ಇನ್ನೂ ಇತ್ತು, ಅದರಲ್ಲಿದ್ದ ಜಿಆರ್‌ಎನ್, ಅಂದ್ರೆ ಮಾಲು ಬಂದಾಗ ಮಾಡೋ ರಸೀದಿ ನಂಬರ್ ಹಾಕಿ ಹಿಸ್ಟರಿ ತೆಗೆದೆ. 24 ಬಾಕ್ಸನ್ನೂ ಸ್ಕ್ಯಾನ್ ಮಾಡಿದ್ರೆ 24 ಎಂಟ್ರಿ ಇರ್ತಿತ್ತು, ಇದ್ದಿದ್ದು ಒಂದೇ ಎಂಟ್ರಿ, ಕ್ವಾಂಟಿಟಿ 576. ಮೇಲಿನ ಒಂದು ಬಾಕ್ಸ್ ಸ್ಕ್ಯಾನ್ ಮಾಡಿ ಉಳಿದದ್ದು ಟೈಪ್ ಮಾಡಿದ್ದಾರೆ. ಪರ್ಚೇಸ್ ಆರ್ಡರಲ್ಲೂ 576 ಕಪ್ಪು, ಇನ್‌ವಾಯ್ಸಲ್ಲೂ 576 ಕಪ್ಪು, ಹಾಗಾಗಿ ಸಿಸ್ಟಮ್ ಎಲ್ಲೂ ತಡೀಲಿಲ್ಲ. ಕಾಗದದಲ್ಲಿ ಮೂರಕ್ಕೆ ಮೂರೂ ತಾಳೆ, ಸಪ್ಲೈಯರ್ ಲೋಡ್ ಮಾಡೋವಾಗ್ಲೇ ಎಂಟು ನೀಲಿ ಸೇರಿಸಿಬಿಟ್ಟಿದ್ರು.

ಸರಿ, 8 ಬಾಕ್ಸ್ ಲೆಕ್ಕ ಸಿಕ್ತು, 192 ಪೀಸ್. ಇನ್ನೂ ಎರಡು ಬಾಕ್ಸ್ ಎಲ್ಲಿ? ಇಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದು ಸರಿಯಾಗಿ 48 ಅನ್ನೋದು. ಬಿಡಿ ಪೀಸ್ ಕಳುವಾದ್ರೆ ಅಥವಾ ಪಿಕ್ಕಿಂಗಲ್ಲಿ ಹೆಚ್ಚುಕಮ್ಮಿ ಆದ್ರೆ 7, 13 ಹೀಗೆ ಬರುತ್ತೆ. 24ರಿಂದ ನಿಶ್ಶೇಷ ಭಾಗ ಆಗ್ತಿದೆ ಅಂದ್ರೆ ಬಹುಪಾಲು ಬಾಕ್ಸ್ ಬಾಕ್ಸೇ ಎಲ್ಲೋ ಹೋಗಿ ಕೂತಿದೆ ಅಂತ. ಐಟಂ ಹಿಸ್ಟರೀಲಿ ಹಿಂದಕ್ಕೆ ಹೋದ್ರೆ ಅವತ್ತು ಮಧ್ಯಾಹ್ನ ಒಂದು ಬಲ್ಕ್ ಆರ್ಡರ್, 48 ಪೀಸ್ ಪಿಕ್, ಆಮೇಲೆ ಅದು ಕ್ಯಾನ್ಸಲ್. ಕ್ಯಾನ್ಸಲ್ ಆದ ತಕ್ಷಣ ನಮ್ಮ ಸಿಸ್ಟಮ್ ಸ್ಟಾಕನ್ನ ವಾಪಸ್ ಲೊಕೇಶನಿಗೆ ಸೇರಿಸಿಬಿಡುತ್ತೆ, ಆದ್ರೆ ಬಾಕ್ಸಿಗೆ ಕಾಲಿಲ್ಲವಲ್ಲ, ಅದನ್ನ ಯಾರಾದ್ರೂ ಹೊತ್ಕೊಂಡು ಹೋಗಿ ಇಡ್ಬೇಕು. ಪ್ಯಾಕಿಂಗ್ ಪಕ್ಕದ ಕ್ಯಾನ್ಸಲ್ ಕೇಜಲ್ಲಿ ಎರಡೂ ಬಾಕ್ಸ್ ಪಿಕ್ ಲೇಬಲ್ ಸಮೇತ ಕೂತಿದ್ವು.

ಇಲ್ಲೊಂದು ಎಚ್ಚರಿಕೆ. ಆ ಹುಡುಗ ಖುಷೀಲಿ "ಸರ್, ಪುಟ್‌ಅವೇ ಸ್ಕ್ಯಾನ್ ಮಾಡಿ ಇಡ್ತೀನಿ" ಅಂದ, "ತಡೀಪ್ಪಾ" ಅಂದೆ. ಸಿಸ್ಟಮ್ ಆಗ್ಲೇ ಆ 48ನ್ನ ಸೇರಿಸಿಕೊಂಡಿದೆ, ಈಗ ಹೊಸದಾಗಿ ಸ್ಕ್ಯಾನ್ ಮಾಡಿ ಸೇರಿಸಿದ್ರೆ ಎರಡು ಸಲ ಲೆಕ್ಕ, 48 ಜಾಸ್ತಿ ತೋರಿಸುತ್ತೆ. ಸುಮ್ನೆ ಒಯ್ದು ಜಾಗದಲ್ಲಿಟ್ಟು ಮತ್ತೆ ಎಣಿಸಿದ್ವಿ ಅಷ್ಟೆ. ಕಪ್ಪು ಈಗ 40 ಬಾಕ್ಸ್, 960 ಪೀಸ್.

ಉಳಿದ 192ಕ್ಕೆ ಅಡ್ಜಸ್ಟ್‌ಮೆಂಟ್ ಹಾಕ್ಲೇಬೇಕು, ಅದು ನನ್ನ ಲಿಮಿಟ್ ಮೀರಿದ್ದು, ಇನ್ವೆಂಟರಿ ಮೇಡಂಗೆ ಆ ಹೊತ್ತಲ್ಲೇ ಫೋನ್ ಮಾಡಿದೆ. ಕಾರಣದ ಕಡೆ ‘ಶಾರ್ಟೇಜ್’ ಅಂತ ಹಾಕ್ಬೇಡಿ ಮೇಡಂ, ‘ರಿಸೀವಿಂಗ್ ವ್ಯತ್ಯಾಸ’ ಅಂತ ಜಿಆರ್‌ಎನ್ ನಂಬರ್ ಜೊತೆ ಹಾಕಿ ಅಂತ ಕೇಳ್ಕೊಂಡೆ, ಯಾಕಂದ್ರೆ ಶಾರ್ಟೇಜ್ ಅಂದ್ರೆ ನಾಳೆ ಫ್ಲೋರಲ್ಲಿರೋ ಹುಡುಗರ ಮೇಲೆ ಅನುಮಾನ ಬರುತ್ತೆ, ಕಂಪನಿಗೆ ಸಪ್ಲೈಯರ್ ಹತ್ರ ಕ್ಲೇಮ್ ಮಾಡೋ ದಾರಿನೂ ಮುಚ್ಚಿಹೋಗುತ್ತೆ. ನೀಲಿ ಎಂಟು ಬಾಕ್ಸನ್ನ ಹೋಲ್ಡ್ ಲೊಕೇಶನಿಗೆ ಹಾಕಿದ್ವಿ. ಕೈಲಿದೆ ಅಂತ ಮಾರೋ ಹಾಗಿಲ್ಲ, ನಾವು ಅದನ್ನ ಆರ್ಡರೂ ಮಾಡಿಲ್ಲ, ಬಿಲ್ಲೂ ಬಂದಿಲ್ಲ. ಲೇಬಲ್, ಸ್ಲಿಪ್, ಪ್ಯಾಲೆಟ್ ಜೋಡಣೆ, ಎಲ್ಲದರ ಫೋಟೋ ಬಾಕ್ಸ್ ಅಲ್ಲಿಂದ ಒಯ್ಯೋಕೆ ಮುಂಚೆನೇ ತೆಗೆದಿಟ್ಟಿದ್ದೆ, ಅದನ್ನೂ ಇಮೇಲಲ್ಲಿ ಕಳಿಸಿದೆ.

ಸೇಲ್ ಟೀಮಿಗೆ ಹೇಳಿ 1,100 ಇದ್ದದ್ದನ್ನ 930ಕ್ಕೆ ಇಳಿಸಿದ್ವಿ, 30 ಪೀಸ್ ಡ್ಯಾಮೇಜ್ ಗೀಮೇಜ್ ಆದ್ರೆ ಬದಲಿ ಕೊಡೋಕೆ ಇರ್ಲಿ ಅಂತ. ಇಲ್ಲದಿದ್ರೆ 1,100 ಆರ್ಡರ್ ತಗೊಂಡು 140 ಜನಕ್ಕೆ ಒಂದೋ ಕ್ಯಾನ್ಸಲ್ ಮೆಸೇಜ್, ಇಲ್ಲಾ ಕಪ್ಪು ಕೇಳಿದೋರ ಆರ್ಡರಿಗೆ ನೀಲಿ ಬಂದು ಪ್ಯಾಕಿಂಗಲ್ಲಿ ಲೈನ್ ನಿಲ್ತಿತ್ತು. ಅಷ್ಟಕ್ಕೇ ಬಿಡದೆ ಅದೇ ಲೋಡಲ್ಲಿ ಬಂದ ಬೇರೆ ಪ್ಯಾಲೆಟ್‌ಗಳನ್ನೂ ಅಣ್ಣ ಬಿಚ್ಚಿ ಸ್ಕ್ಯಾನ್ ಮಾಡಿದ್ರು, ಅವು ಸರಿಯಿದ್ವು. ಲೊಕೇಶನ್ ಲಾಕ್ ತೆಗೆದಾಗ ಐದೂಕಾಲು.

ಇದಾದ ಮೇಲೆ ರಿಸೀವಿಂಗಲ್ಲಿ ಒಂದು ಬದಲಾವಣೆ ಕೇಳಿ ಮಾಡಿಸಿಕೊಂಡೆ. ಎಲ್ಲಾ ಐಟಂಗೂ ಬಾಕ್ಸ್ ಬಾಕ್ಸ್ ಸ್ಕ್ಯಾನ್ ಅಂದ್ರೆ ಲಾರಿಗಳು ಗೇಟಲ್ಲೇ ನಿಲ್ತವೆ, ಅದು ಆಗದ ಮಾತು. ಬಣ್ಣ ಅಥವಾ ಸೈಜ್ ಮಾತ್ರ ಬೇರೆ, ಹೊರಗಿನ ರಟ್ಟು ಒಂದೇ, ಅಂಥ ಐಟಂಗಳಿಗೆ ಮಾತ್ರ ಹ್ಯಾಂಡ್‌ಹೆಲ್ಡ್ ಸ್ಕ್ಯಾನರಲ್ಲಿ ಕ್ವಾಂಟಿಟಿ ಟೈಪ್ ಮಾಡೋ ಆಪ್ಷನ್ ತೆಗೆಸಿಹಾಕಿದ್ವಿ.