ಸುಳ್ಳು ಬಿಲ್ಲಿಗೆ ದುಡ್ಡು ಕಟ್ಟಿದ ಮೇಲೆ ಬ್ಯಾಂಕಿಗೆ ನಾನು ಬರೆದ ಪತ್ರ

ಇಳಕಲ್ಲಿನಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ನೇಕಾರರಿಗೆ ಕೊಡುವ ನೂಲನ್ನು ಎಂಟು ವರ್ಷದಿಂದ ಒಬ್ಬರೇ ವ್ಯಾಪಾರಿಯಿಂದ ತರಿಸುತ್ತೇನೆ. ಆವತ್ತು ವಾಟ್ಸಾಪಿಗೆ ಅವರ ಹೆಸರಲ್ಲೇ 86,400 ರೂಪಾಯಿಯ ಬಿಲ್ಲು ಬಂತು. ಮುದ್ರೆ, ಜಿಎಸ್‌ಟಿ ನಂಬರು ಎಲ್ಲ ಅವರದೇ. ಕೆಳಗೆ ಖಾತೆ ನಂಬರು ಮಾತ್ರ ಬೇರೆ ಇತ್ತು. 11:40ಕ್ಕೆ ನೆಫ್ಟ್ ಮಾಡಿದೆ. ನಾಲ್ಕು ಗಂಟೆಗೆ ಆ ವ್ಯಾಪಾರಿಯೇ ಫೋನ್ ಮಾಡಿ, "ಅಣ್ಣಾರ, ಈ ಸಲದ ರೊಕ್ಕ ಯಾವಾಗ ಹಾಕ್ತೀರಿ?" ಅಂದಾಗ ಎದೆ ಧಸಕ್ಕೆಂದಿತು.

ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಆಮೇಲೆ ಅಂಗಡಿಯ ಲೆಟರ್‌ಹೆಡ್ ಮೇಲೆ ಪತ್ರ ಗೀಚಿಕೊಂಡು ಬ್ಯಾಂಕಿಗೆ ಓಡಿದೆ. "ನನಗೆ ತಿಳಿಯದಂತೆ ಖಾತೆಯಿಂದ ಹಣ ಹೋಗಿದೆ, ದಯಮಾಡಿ ಮರಳಿಸಿ" ಎಂದು ಬರೆದಿದ್ದೆ. ಮ್ಯಾನೇಜರ್ ಓದಿ, "ಓಟಿಪಿ ಹಾಕಿದವರು ನೀವೇ ಅಲ್ಲೇನ್ರಿ? ಹಿಂಗ ಬರೆದ್ರ ಇದು ಬ್ಯಾರೆ ಕೇಸ್ ಆಗ್ತದ, ನಿಲ್ಲೂದಿಲ್ಲ" ಅಂದರು. ಆ ಮಾತು ನಿಜ. ನಮಗೆ ಗೊತ್ತಿಲ್ಲದೆ ಯಾರೋ ಹಣ ತೆಗೆದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಆಗ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಆಸರೆ ಇತ್ತು. ನಾವೇ ಮೋಸಹೋಗಿ ಕಳಿಸಿದ ಹಣಕ್ಕೆ ಅದು ಹಾಗೆ ಅನ್ವಯಿಸುತ್ತಿರಲಿಲ್ಲ.

ಅಲ್ಲೇ ಕೌಂಟರಿನ ಬದಿಗೆ ನಿಂತು ಮತ್ತೆ ಬರೆದೆ:

"ಈ ದಿನ 11:40ಕ್ಕೆ ನಮ್ಮ ಚಾಲ್ತಿ ಖಾತೆಯಿಂದ 86,400 ರೂಪಾಯಿಯನ್ನು ನಾನೇ ನೆಫ್ಟ್ ಮಾಡಿದ್ದೇನೆ. ನಮ್ಮ ವ್ಯಾಪಾರಿಯ ಹೆಸರಿನ ನಕಲಿ ಬಿಲ್ಲನ್ನು ನಂಬಿ ಕಳಿಸಿದ ಹಣವಿದು. ಯುಟಿಆರ್ ನಂಬರು, ಹಣ ಹೋದ ಖಾತೆಯ ನಂಬರು, ಐಎಫ್‌ಎಸ್‌ಸಿ ಮತ್ತು 1930ರ ದೂರಿನ ನಂಬರು ಕೆಳಗಿವೆ. ಆ ಬ್ಯಾಂಕಿಗೆ ಈಗಲೇ ತಿಳಿಸಿ, ಖಾತೆಯಲ್ಲಿ ಉಳಿದಿರುವಷ್ಟು ಹಣವನ್ನು ತಡೆಹಿಡಿಸಬೇಕು. ಏನು ಕ್ರಮ ಆಯಿತೆಂದು ಲಿಖಿತವಾಗಿ ತಿಳಿಸಬೇಕು."

ಕೆಲಸ ಮಾಡಿದ್ದು ಯುಟಿಆರ್, ಅಂದರೆ ಪ್ರತಿ ಪಾವತಿಗೂ ಬ್ಯಾಂಕು ಕೊಡುವ ಗುರುತಿನ ನಂಬರು. ಲಕ್ಷಾಂತರ ಪಾವತಿಗಳ ನಡುವೆ ನಮ್ಮದನ್ನು ಹಿಡಿಯುವುದು ಆ ನಂಬರಿನಿಂದಲೇ. ನಾನು ಅದನ್ನು ಸ್ಟೇಟ್‌ಮೆಂಟಿನಿಂದ ಅಕ್ಷರ ಅಕ್ಷರ ತಾಳೆ ನೋಡಿ ಬರೆದೆ. ಹಳೆಯ ಅಸಲಿ ಬಿಲ್ಲು, ಈ ನಕಲಿ ಬಿಲ್ಲು ಎರಡನ್ನೂ ಲಗತ್ತಿಸಿ, ಖಾತೆ ನಂಬರಿನ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದೆ. "ಹಣ ವಾಪಸ್ ಕೊಡಿ" ಎನ್ನುವ ಬದಲು "ತಡೆಹಿಡಿಸಿ" ಎಂದು ಕೇಳಿದ್ದಕ್ಕೂ ಕಾರಣವಿದೆ. ಇನ್ನೊಬ್ಬರ ಖಾತೆಗೆ ಜಮಾ ಆದ ಹಣವನ್ನು ನಮ್ಮ ಬ್ಯಾಂಕು ತಾನಾಗಿ ಎಳೆದುಕೊಳ್ಳಲಾಗದು. ಪತ್ರದ ಇನ್ನೊಂದು ಪ್ರತಿಯ ಮೇಲೆ ತಾರೀಖು, ವೇಳೆ ಹಾಕಿಸಿ ಸೀಲು ಒತ್ತಿಸಿಕೊಂಡೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಲು ಆ ಪ್ರತಿಯೇ ಪುರಾವೆ.

ಹನ್ನೆರಡನೆಯ ದಿನ ಲಿಖಿತ ಉತ್ತರ ಬಂತು. 31,000 ತಡೆಹಿಡಿಯಲಾಗಿದೆ, ಉಳಿದದ್ದನ್ನು ಮಧ್ಯಾಹ್ನವೇ ಎಟಿಎಂನಿಂದ ತೆಗೆದು, ಬೇರೆ ಖಾತೆಗಳಿಗೆ ದಾಟಿಸಿದ್ದಾರೆ ಎಂದಿತ್ತು. ತಡೆದ ಹಣಕ್ಕಾಗಿ ಪೊಲೀಸರ ವರದಿಯೊಂದಿಗೆ ಕೋರ್ಟಿಗೆ ಅರ್ಜಿ ಹಾಕಿದೆ. ಆದೇಶ ಬರಲು ಐದು ತಿಂಗಳು ಹಿಡಿಯಿತು. ಉಳಿದ 55,400ರ ತನಿಖೆ ಇನ್ನೂ ನಡೆದಿದೆ.