ತಿರಸ್ಕೃತರ ರಾಶಿಯಿಂದ ಮಾಡೆಲ್ ತಿದ್ದಿದ ಬಗೆ: ನನ್ನ ಅನುಭವ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಬರುವ ಫ್ರೆಷರ್‌ಗಳ ರೆಸ್ಯೂಮ್‌ಗಳಿಗೆ ಅಂಕ ಕೊಡುವ ಮಾಡೆಲ್ ನನ್ನ ಹೊಣೆಯಲ್ಲಿತ್ತು. ಐದಾರು ವರ್ಷಗಳ ಸುಮಾರು 40,000 ರೆಸ್ಯೂಮ್‌ಗಳ ಮೇಲೆ ಅದು ತರಬೇತಾಗಿತ್ತು. ಎಚ್‌ಆರ್‌ನವರು ಸಂದರ್ಶನಕ್ಕೆ ಕರೆದರೆ 1, ಕರೆಯದಿದ್ದರೆ 0 ಎಂಬುದೇ ಅದರ ಲೇಬಲ್. ಜಾತಿ, ಲಿಂಗ, ಭಾಷೆ ಯಾವುದರ ಕಾಲಮ್ಮೂ ಇಲ್ಲದ ಮೇಲೆ ಪಕ್ಷಪಾತ ಎಲ್ಲಿಂದ ಬರಬೇಕು ಎಂದು ಎಲ್ಲರೂ ಕೇಳುತ್ತಿದ್ದರು.

ಅದಕ್ಕೆ ಉತ್ತರವಾಗಿ ನಾನು ಒಂದೇ ರೆಸ್ಯೂಮನ್ನು ಎರಡು ಸಲ ಮಾಡೆಲ್‌ಗೆ ಕೊಟ್ಟೆ. ಎಸ್ಎಸ್ಎಲ್‌ಸಿ ಸಾಲಿನಲ್ಲಿ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆಯ ಹೆಸರಿದ್ದಾಗ 0.41 ಬಂದ ಅಂಕ, ಅಲ್ಲಿ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮ ಶಾಲೆಯ ಹೆಸರು ಬರೆದಾಗ 0.58ಕ್ಕೆ ಏರಿತು. ಶೇಕಡಾವಾರು, ಬಿಇ ಪ್ರಾಜೆಕ್ಟ್, ಕೌಶಲಗಳ ಪಟ್ಟಿ ಎಲ್ಲವೂ ಅವೇ. ಮಾಡೆಲ್ ಇದನ್ನು ತಾನಾಗಿ ಕಂಡುಹಿಡಿದದ್ದಲ್ಲ. ಹಿಂದೆ ರೆಸ್ಯೂಮ್ ನೋಡಿದವರ ಅಭ್ಯಾಸವನ್ನೇ ನಿಷ್ಠೆಯಿಂದ ಕಲಿತಿತ್ತು. ಅಮೆಜಾನ್ ಕಂಪನಿಯ ಇಂಥದ್ದೇ ಪ್ರಯೋಗ ಹತ್ತು ವರ್ಷಗಳ ಅರ್ಜಿಗಳಿಂದ ಕಲಿತು, ಮಹಿಳೆಯರ ಸಂಘ ಅಥವಾ ತಂಡದ ಉಲ್ಲೇಖವಿದ್ದ ರೆಸ್ಯೂಮ್‌ಗಳಿಗೆ ಅಂಕ ಕಡಿತ ಮಾಡುತ್ತಿದ್ದುದು 2018ರಲ್ಲಿ ರಾಯಿಟರ್ಸ್ ವರದಿಯಿಂದ ಹೊರಬಂದಿತ್ತು. ಅಲ್ಲಿಯೂ ಲಿಂಗವೆಂಬ ಕಾಲಮ್ ಬೇಕಾಗಲಿಲ್ಲ.

ಮೊದಲು ಎಲ್ಲರೂ ಹೇಳುವಂತೆ ಶಾಲೆ, ಊರು, ಪಿನ್‌ಕೋಡ್, ತಿಳಿದಿರುವ ಭಾಷೆಗಳು ಎಲ್ಲವನ್ನೂ ಅಳಿಸಿದೆವು. ಅಂತರ ಸ್ವಲ್ಪವೇ ತಗ್ಗಿತು. ಏಕೆಂದು ತಿಳಿಯಲು, ಅಳಿಸಿ ಉಳಿದ ಪಠ್ಯದಿಂದ ಅಭ್ಯರ್ಥಿ ಸರ್ಕಾರಿ ಶಾಲೆಯವರೇ ಎಂದು ಊಹಿಸುವ ಇನ್ನೊಂದು ಸಣ್ಣ ಮಾಡೆಲ್ ಕಟ್ಟಿದೆ. ಎರಡೂ ಬಗೆಯ ಒಬ್ಬೊಬ್ಬರನ್ನು ಮುಂದಿಟ್ಟರೆ ನೂರರಲ್ಲಿ 80ರ ಹತ್ತಿರ ಸಲ ಅದು ಸರಿಯಾಗಿ ಗುರುತಿಸುತ್ತಿತ್ತು. ಸುಳಿವೇ ಇಲ್ಲದಿದ್ದರೆ ಅದು 50ರ ಆಸುಪಾಸಿನಲ್ಲಿರಬೇಕಿತ್ತು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ, ಎನ್ಎಸ್ಎಸ್ ಶಿಬಿರ, ವಿದ್ಯಾರ್ಥಿವೇತನ ಎಂಬ ಪದಗಳು ಒಂದು ಕಡೆ, ಹ್ಯಾಕಥಾನ್, ಇಂಟರ್ನ್‌ಶಿಪ್ ಎಂಬವು ಇನ್ನೊಂದು ಕಡೆ ನಿಂತು ಶಾಲೆಯ ಗುರುತನ್ನು ಬಿಟ್ಟುಕೊಡುತ್ತಿದ್ದವು. ಇವನ್ನೂ ಅಳಿಸುತ್ತಾ ಹೋದರೆ ರೆಸ್ಯೂಮ್‌ನಲ್ಲಿ ಓದಲು ಏನೂ ಉಳಿಯುವುದಿಲ್ಲ. ಅನಂತರ ಸರ್ಕಾರಿ ಶಾಲೆಯಿಂದ ಬಂದು ಆಯ್ಕೆಯಾದವರಿಗೆ ತರಬೇತಿಯಲ್ಲಿ ಹೆಚ್ಚು ತೂಕ ಕೊಟ್ಟು ನೋಡಿದೆ. ಅವರ ಕರೆಗಳು ಹೆಚ್ಚಾದವು, ಆದರೆ ಯಾರನ್ನು ಕರೆಯಬೇಕೆಂಬುದನ್ನು ಆ ಹಳೆಯ ಲೇಬಲ್ಲೇ ತೀರ್ಮಾನಿಸುತ್ತಿದ್ದುದರಿಂದ ಸಂದರ್ಶನದಲ್ಲಿ ತೇರ್ಗಡೆಯಾಗುವವರ ಪ್ರಮಾಣ ಕುಸಿಯಿತು.

ದೋಷ ಲೇಬಲ್‌ನಲ್ಲಿಯೇ ಇದೆ ಎಂಬುದು ನನ್ನ ವಾದವಾಗಿತ್ತು. ಕರೆ ಹೋಯಿತೇ ಎಂಬುದರ ಬದಲು ಸಂದರ್ಶನದಲ್ಲಿ ಹೇಗೆ ಮಾಡಿದರು ಎಂಬುದನ್ನು ಕಲಿಸಬೇಕು. ಆದರೆ ಕರೆಯದವರ ಫಲಿತಾಂಶ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಮಾಡೆಲ್ ತಿರಸ್ಕರಿಸಿದ ಸುಮಾರು 4,000 ಮಂದಿಯಲ್ಲಿ 200 ಜನರನ್ನು ಚೀಟಿ ಎತ್ತಿದಂತೆ ಆರಿಸಿ ಕರೆಯೋಣವೆಂದೆ. ಒಬ್ಬರಿಗೆ ಪರೀಕ್ಷೆ, ಪ್ಯಾನೆಲ್‌ನವರ ಸಮಯ ಸೇರಿ 1,500 ರೂಪಾಯಿಯಂತೆ ಮೂರು ಲಕ್ಷದ ಅಂದಾಜು ಕೊಟ್ಟಾಗ, ಬೇಡವೆಂದವರನ್ನೇ ಕರೆಯಲು ಹಣವೇ ಎಂದು ಹಣಕಾಸಿನವರು ಎರಡು ತ್ರೈಮಾಸಿಕ ಕಡತವನ್ನು ತಡೆಹಿಡಿದರು. ಕೊನೆಗೆ ಒಪ್ಪಿಗೆ ಸಿಕ್ಕಿತು. ಯಾರು ಯಾವ ರಾಶಿಯಿಂದ ಬಂದವರೆಂದು ಪ್ಯಾನೆಲ್‌ಗೆ ತಿಳಿಸಲಿಲ್ಲ. ಪ್ರಶ್ನೆಗಳೂ ಅಂಕಪಟ್ಟಿಯೂ ಎಲ್ಲರಿಗೂ ಒಂದೇ.

ಬಂದವರು 160ರ ಹತ್ತಿರ, ತೇರ್ಗಡೆಯಾದವರು 45. ಮಾಮೂಲಿ ಶಾರ್ಟ್‌ಲಿಸ್ಟ್‌ನಲ್ಲಿ ಮೂವರಿಗೆ ಒಬ್ಬರು ತೇರ್ಗಡೆಯಾಗುತ್ತಿದ್ದರೆ, ತಿರಸ್ಕೃತರ ರಾಶಿಯಲ್ಲಿದ್ದ ಸರ್ಕಾರಿ ಶಾಲೆಯ 60 ಮಂದಿಯಲ್ಲಿಯೂ 20 ಜನ, ಅಂದರೆ ಅದೇ ಪ್ರಮಾಣದಲ್ಲಿ, ತೇರ್ಗಡೆಯಾದರು. ಅದೇ ರಾಶಿಯ ಉಳಿದ 100 ಜನರಲ್ಲಿ 25 ಮಾತ್ರ. ಒಂದೇ ರಾಶಿಯಲ್ಲಿ ಒಂದು ಗುಂಪು ಇನ್ನೊಂದಕ್ಕಿಂತ ಚೆನ್ನಾಗಿ ಮಾಡಿತೆಂದರೆ ಆ ಗುಂಪಿನ ಮುಂದೆ ಹೆಚ್ಚು ಎತ್ತರದ ಹೊಸ್ತಿಲು ಇಟ್ಟಿದ್ದರೆಂಬುದಕ್ಕೆ ಅದು ಸುಳಿವು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಕಾಕತಾಳೀಯವೂ ಸೇರಿರಬಹುದೆಂದು ಮುಂದಿನ ನೇಮಕಾತಿಯಲ್ಲಿಯೂ ಚೀಟಿ ಎತ್ತಿಸಿದೆ. ಅಂತರ ಅದೇ ದಿಕ್ಕಿನಲ್ಲಿತ್ತು.

ಹೊಸ ತರಬೇತಿಯಲ್ಲಿ, ಇಪ್ಪತ್ತರಲ್ಲಿ ಒಬ್ಬರಂತೆ ಆರಿಸಿದ್ದರಿಂದ, ಈ ರಾಶಿಯಿಂದ ಬಂದ ಪ್ರತಿಯೊಬ್ಬರಿಗೂ 20 ಜನರ ತೂಕ ಕೊಟ್ಟೆ. ಕರೆಗೆ ಬಾರದವರ ಲೆಕ್ಕವನ್ನು ಹೇಗೆ ಸರಿದೂಗಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಚಳಕ. ಹಿಂದೆ ಖಾಸಗಿ ಶಾಲೆಯವರಲ್ಲಿ ನೂರಕ್ಕೆ 30 ಜನರಿಗೆ ಕರೆ ಹೋದರೆ ಸರ್ಕಾರಿ ಶಾಲೆಯವರಲ್ಲಿ 17 ಜನರಿಗೆ ಹೋಗುತ್ತಿತ್ತು, ಅನುಪಾತ 0.57; ಈಗ ಅದು 0.87ರ ಆಸುಪಾಸಿನಲ್ಲಿದೆ. ಅಮೆರಿಕದಲ್ಲಿ 1978ರಿಂದ ಬಳಕೆಯಲ್ಲಿರುವ ಐದರಲ್ಲಿ ನಾಲ್ಕರ ಸೂತ್ರದಂತೆ 0.8ಕ್ಕಿಂತ ಕಡಿಮೆಯಾದರೆ ತಪಾಸಣೆ ಬೇಕು. ತೇರ್ಗಡೆಯ ಪ್ರಮಾಣ ಇಳಿಯದೆ ಈ ಅಂಕಿ ತಲುಪಿದ್ದು ನನಗೆ ಹೆಮ್ಮೆಯ ವಿಷಯ.

ಓದಿನ ನಡುವೆ ಬಿಡುವು ತೆಗೆದುಕೊಂಡ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಏನೂ ಹೇಳಲಾರೆ, 200ರಲ್ಲಿ ಅಂಥವರು ಬೆರಳೆಣಿಕೆಯಷ್ಟಿದ್ದರು. ಅವರಿಗಾಗಿ ಪ್ರತ್ಯೇಕ ಚೀಟಿ ಎತ್ತಲು ಹಣ ಕೇಳಿದ್ದೇನೆ. ತಿರಸ್ಕೃತರಲ್ಲಿ ಇಪ್ಪತ್ತಕ್ಕೊಬ್ಬರನ್ನು ಕರೆಯುವ ಪದ್ಧತಿಯನ್ನೂ ನಿಲ್ಲಿಸಿಲ್ಲ. ನಿಲ್ಲಿಸಿದರೆ ಮುಂದಿನ ತರಬೇತಿಗೆ ಮತ್ತೆ ಮಾಡೆಲ್ ತಾನೇ ಆರಿಸಿದವರ ದತ್ತಾಂಶ ಮಾತ್ರ ಸಿಗುತ್ತದೆ.